ಕ್ರಿಯಾಶೀಲತಾ ಸರಣಿ ನೆನಪಿಡಲು ನೀವೇನು ಮಾಡಿದಿರಿ?

ಒಬ್ಬ ಅಮ್ಮ: ಮಗ ಎಸ್‌ಎಸ್‌ಎಲ್‌ಸಿ, ಕನ್ನಡ ಮಾಧ್ಯಮ. ಲೋಹಗಳ ಕ್ರಿಯಾಶೀಲತಾ ಸರಣಿಗೆ, ಅಂದರೆ ಹೆಚ್ಚು ಚುರುಕಿನ ಲೋಹದಿಂದ ಕಮ್ಮಿ ಚುರುಕಿನದರವರೆಗಿನ ಪಟ್ಟಿಗೆ, ಟ್ಯೂಷನ್‌ನಲ್ಲಿ ಒಂದು ಇಂಗ್ಲಿಷ್ ವಾಕ್ಯ ಹೇಳಿಕೊಟ್ಟಿದ್ದಾರೆ. ವಾಕ್ಯ ಬಾಯಿಗೆ ಬರುತ್ತೆ, ಲೋಹ ಬರಲ್ಲ. ಕ್ಯಾಲ್ಸಿಯಂ ಜಾಗದಲ್ಲಿ ತಾಮ್ರ ಬರೆದು ಬಂದಿದ್ದಾನೆ. ಜೀವಿಗಳ ವರ್ಗೀಕರಣದ ಹಂತಗಳಲ್ಲೂ ಇದೇ ಕಥೆ. ನಿಮ್ಮ ಮನೆಯಲ್ಲಿ ಯಾವುದು ಉಪಯೋಗಕ್ಕೆ ಬಂತು?

ವಿಜ್ಞಾನ ಮೇಷ್ಟ್ರು: ಹುಡುಗನ ತಪ್ಪಲ್ಲ ಅಮ್ಮಾ. ಇಂಗ್ಲಿಷ್‌ನಲ್ಲಿ ಕ್ಯಾಲ್ಸಿಯಂಗೂ ಕಾಪರ್‌ಗೂ 'ಸಿ'ಯೇ ಮೊದಲ ಅಕ್ಷರ. ಕನ್ನಡದಲ್ಲೂ ಬರೀ ಅಕ್ಷರ ಹಿಡಿದರೆ ಸೋಡಿಯಂ, ಸತು, ಸೀಸ ಮೂರೂ 'ಸ' ಆಗಿಬಿಡುತ್ತವೆ. ಆದರೆ ನಮಗೆ ಕಾಗುಣಿತ ಇದೆಯಲ್ಲ! ಸೋ, ಸ, ಸೀ ಅಂತ ಹಿಡಿದರೆ ಒಂದಕ್ಕೊಂದು ಬೆರೆಯಲ್ಲ. ನನ್ನ ಕ್ಲಾಸಿನಲ್ಲಿ ಓಡುವ ವಾಕ್ಯ ಇದು:

"ಪೊಗರಿನ ಸೋಮ ಕ್ಯಾಮೆರಾ ಮೆಲ್ಲಗೆ ಅಲ್ಲಾಡಿಸಿದ. ಸತೀಶ ಕಬ್ಬು ಸೀಳಿದ. ಹೈದ ತಾನೇ ಪಾಪುಗೆ ಬೆಲ್ಲ ಚಿವುಟಿದ."

ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ. ಸತು, ಕಬ್ಬಿಣ, ಸೀಸ. ಹೈಡ್ರೋಜನ್, ತಾಮ್ರ, ಪಾದರಸ, ಬೆಳ್ಳಿ, ಚಿನ್ನ.

ಪೂರ್ಣವಿರಾಮಗಳನ್ನು ಸುಮ್ನೆ ಹಾಕಿಲ್ಲ. ಮೊದಲ ವಾಕ್ಯದ ಐದು ಲೋಹಗಳನ್ನು ಅದಿರಿನಿಂದ ಪಡೆಯಲು ವಿದ್ಯುದ್ವಿಭಜನೆಯೇ ಬೇಕು. ಎರಡನೆಯದರ ಮೂರಕ್ಕೆ ಇದ್ದಿಲು, ಅಂದರೆ ಕಾರ್ಬನ್ ಸಾಕು. ಮೂರನೆಯದರಲ್ಲಿ ಹೈದನ ಹಿಂದೆ ನಿಂತವು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಿಂದ ಹೈಡ್ರೋಜನ್ ಬಿಡಿಸಲಾರವು.

ಡಿಪ್ಲೊಮಾ ಹಳಬ: ಸರಣಿ ಅಂದಕೂಡಲೇ ನನಗೆ ರೆಸಿಸ್ಟರ್ ನೆನಪಾಯಿತು. ಅದರ ಬಣ್ಣದ ಪಟ್ಟಿಗಳಿಗೆ ನಾವು "ಬಿ.ಬಿ. ರಾಯ್ ಆಫ್ ಗ್ರೇಟ್ ಬ್ರಿಟನ್" ಅಂತ ಉರು ಹೊಡೆದಿದ್ದೆವು. ಅದನ್ನೇ ಕಲಿಸಿ, ಸುಲಭ.

ಒಬ್ಬ ಅಮ್ಮ: ಸರ್, ನಾನು ಕೇಳಿದ್ದು ಲೋಹಗಳದ್ದು!

ಡಿಪ್ಲೊಮಾ ಹಳಬ: ಓ, ಸರಿ ಸರಿ. ಆದರೆ ಮೇಷ್ಟ್ರು ಹೇಳಿದ ಗೋಳು ಅದರಲ್ಲೂ ಇತ್ತು. ಬ್ಲ್ಯಾಕ್, ಬ್ರೌನ್, ಬ್ಲೂ ಮೂರೂ 'ಬಿ'. ಮೊದಲ 'ಬಿ' ಕಪ್ಪೋ ಕಂದೋ ಅಂತ ಲ್ಯಾಬಿನಲ್ಲಿ ಎಷ್ಟು ಸಲ ತಡಕಾಡಿದ್ದೇನೋ.

ಎಂಜಿನಿಯರ್ ಅಣ್ಣ: ಬಾಯಿಪಾಠವೇ ಬೇಡ. ಆವರ್ತಕ ಕೋಷ್ಟಕದಲ್ಲಿ ಎಡಕ್ಕೆ ಮತ್ತು ಕೆಳಕ್ಕೆ ಹೋದಷ್ಟೂ ಲೋಹ ಚುರುಕು. ಅದನ್ನು ನೋಡಿಕೊಂಡರೆ ಆಯಿತು.

ವಿಜ್ಞಾನ ಮೇಷ್ಟ್ರು: ಸೋಡಿಯಂ ಕೆಳಗೆ ಪೊಟ್ಯಾಸಿಯಂ, ಅಲ್ಲಿಗೆ ಸರಿ. ತಾಮ್ರ, ಬೆಳ್ಳಿ, ಚಿನ್ನ ನೋಡಿ. ಅವೂ ಒಂದರ ಕೆಳಗೊಂದು ಇವೆ, ಆದರೆ ಕೆಳಗಿಳಿದಂತೆ ಚುರುಕು ಕಮ್ಮಿ. ನಿಮ್ಮ ಲೆಕ್ಕದಲ್ಲಿ ಚಿನ್ನವೇ ಮೊದಲು ತುಕ್ಕು ಹಿಡಿಯಬೇಕಿತ್ತು.

ಇನ್ನೊಂದು ಮಾತು ಅಮ್ಮಾ. ವಾಕ್ಯ ಬಂದಮೇಲೆ ಮಗನಿಗೆ ಎರಡು ಪ್ರಶ್ನೆ ಜೋಡಿಯಾಗಿ ಕೇಳಿ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದರೆ? 'ಕಬ್ಬು' ಮೊದಲು, 'ತಾನೇ' ಆಮೇಲೆ. ಹಾಗಾಗಿ ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳುತ್ತೆ. ದ್ರಾವಣದ ನೀಲಿ ಮಾಸುತ್ತೆ, ಮೊಳೆಗೆ ಕಂದುಗೆಂಪು ಲೇಪ ಕೂರುತ್ತೆ. ಕಬ್ಬಿಣದ ಸಲ್ಫೇಟ್‌ಗೆ ತಾಮ್ರದ ತಂತಿ ಹಾಕಿದರೆ? ಏನೂ ಆಗಲ್ಲ. ಎರಡನೆಯದಕ್ಕೂ ಸಮೀಕರಣ ಬರೆಯಲು ಹೊರಟರೆ, ಪಟ್ಟಿ ಬಂದಿದೆ, ದಿಕ್ಕು ಬಂದಿಲ್ಲ ಅಂತ ಲೆಕ್ಕ.

ಪಿಯು ಹುಡುಗಿ: ಮೇಷ್ಟ್ರೇ, ನಮ್ಮ ಎಲೆಕ್ಟ್ರೋಕೆಮಿಸ್ಟ್ರಿ ಪಟ್ಟಿಯಲ್ಲಿ ಕ್ಯಾಲ್ಸಿಯಂ −2.87 ವೋಲ್ಟ್, ಸೋಡಿಯಂ −2.71. ಅಂದರೆ ಕ್ಯಾಲ್ಸಿಯಂ ಮೇಲೆ ಬರುತ್ತೆ. ಸೋಮ ತಪ್ಪು ಜಾಗದಲ್ಲಿ ನಿಂತಿದ್ದಾನಾ?

ವಿಜ್ಞಾನ ಮೇಷ್ಟ್ರು: ಹತ್ತನೇ ತರಗತಿ ಪುಸ್ತಕದಲ್ಲಿ ಸೋಡಿಯಂ ಮೇಲಿದೆ, ಅಲ್ಲಿ ಹಾಗೇ ಬರೆಯಬೇಕು. ನೀರಿಗೆ ಹಾಕಿದರೂ ಸೋಡಿಯಂ ಗಲಾಟೆಯೇ ಜಾಸ್ತಿ, ಕ್ಯಾಲ್ಸಿಯಂ ಅಷ್ಟು ಅಬ್ಬರಿಸಲ್ಲ. ನಿನ್ನ ಪರೀಕ್ಷೆಗೆ ವೋಲ್ಟ್ ಪಟ್ಟಿ ಹಿಡಿ ಮಗಳೇ.

ಪಿಯು ಹುಡುಗಿ: ಎರಡೂ ಸರಿ ಹೇಗಾಗುತ್ತೆ ಅನ್ನೋದು ಇನ್ನೂ ಅರ್ಥ ಆಗಲಿಲ್ಲ. ಲೆಕ್ಚರರ್ ಹತ್ತಿರ ಕೇಳುತ್ತೇನೆ.

ಇಬ್ಬರು ಮಕ್ಕಳ ಅಪ್ಪ: ವರ್ಗೀಕರಣಕ್ಕೆ ನಮ್ಮದೊಂದು. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಮಗಳು ವಂಶ ಮತ್ತು ವರ್ಗವನ್ನು ಅದಲುಬದಲು ಮಾಡುತ್ತಿದ್ದಳು. "ವರ್ಗದ ಬಾಲ ಗ, ಗಣದ ತಲೆ ಗ, ಎರಡನ್ನೂ ಅಂಟಿಸು" ಅಂದೆ. ಅಂಟಿಸಿದಮೇಲೆ ವಂಶ ತಾನಾಗೇ ಮುಂದಕ್ಕೆ ಹೋಯಿತು. ಕೊನೆಯ ಎರಡು ಮಾತ್ರ ಕೈಕೊಟ್ಟವು. ಮನೆಯಲ್ಲಿ ನಾವು "ಇದು ಯಾವ ಜಾತಿ ಮಾವು" ಅಂತೀವಲ್ಲ, ಅದಕ್ಕೇ ಜಾತಿಯೇ ಎಲ್ಲಕ್ಕಿಂತ ಚಿಕ್ಕದು ಅಂದುಕೊಂಡಿದ್ದಳು. ಹುಲಿ, ಸಿಂಹ ಎರಡೂ ಪ್ಯಾಂತೆರಾ ಅನ್ನೋ ಒಂದೇ ಜಾತಿ, ಪ್ರಭೇದ ಬೇರೆ ಅಂತ ತೋರಿಸಿದೆ. ಆಮೇಲೆ ತಪ್ಪಿಲ್ಲ.

ಒಬ್ಬ ಅಮ್ಮ: ಸೋಮನ ವಾಕ್ಯ ಎರಡು ದಿನದಲ್ಲಿ ಬಂತು ಮೇಷ್ಟ್ರೇ. ಆದರೆ ಸತೀಶ ಅಂತ ಇವನ ಬೆಂಚಿನಲ್ಲೇ ಒಬ್ಬ ಇದ್ದಾನೆ, ಅವನಿಗೆ ಸಿಟ್ಟು. ಸುರೇಶ ಅಂತ ಬದಲಿಸಿಕೊಂಡಿದ್ದಾರೆ.

ವಿಜ್ಞಾನ ಮೇಷ್ಟ್ರು: ಸುರೇಶ ಬೇಡ, 'ಸು' ಆಯಿತು! ಸತ್ಯ ಅಂತ ಇಡಲಿ.