ಟಿಇಎಂ ಚಿತ್ರದ ಕಪ್ಪು ಗೆರೆ ಡಿಸ್‌ಲೊಕೇಶನ್ನಾ, ಪ್ರೆಸಿಪಿಟೇಟಾ?

ಎಂ.ಟೆಕ್ ವಿದ್ಯಾರ್ಥಿ, ಹಾಸನ: 6061 ಅಲ್ಯೂಮಿನಿಯಂ ಸರ್, T6 ಶಾಖ ಹದ ಮಾಡಿ ಆಮೇಲೆ ಸ್ವಲ್ಪ ರೋಲ್ ಮಾಡಿದ್ದು. ಬೆಂಗಳೂರಿಗೆ ಕಳಿಸಿ ಟಿಇಎಂನಲ್ಲಿ, ಅಂದ್ರೆ ತೆಳು ಹಾಳೆಯ ಮೂಲಕ ಎಲೆಕ್ಟ್ರಾನ್ ಹಾಯಿಸಿ ನೋಡುವ ಮೈಕ್ರೋಸ್ಕೋಪ್‌ನಲ್ಲಿ, ಬ್ರೈಟ್ ಫೀಲ್ಡ್ ಚಿತ್ರ ತೆಗೆಸಿದೆ. ಎಲ್ಲಾ ಕಡೆ ಕಪ್ಪು ಗೆರೆ. ಯಾವುದು ಹರಳಿನ ಸಾಲು ತಪ್ಪಿದ ಡಿಸ್‌ಲೊಕೇಶನ್, ಯಾವುದು ಲೋಹದೊಳಗೆ ಬೇರೆಯಾಗಿ ಕೂತ ಪ್ರೆಸಿಪಿಟೇಟ್ ಕಣ?

ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ: ಸುಲಭ. ಉದ್ದಕ್ಕೆ ಡೊಂಕಾಗಿದ್ರೆ ಡಿಸ್‌ಲೊಕೇಶನ್, ಗಿಡ್ಡ ನೇರ ಇದ್ರೆ ಪ್ರೆಸಿಪಿಟೇಟ್. ಅನುಮಾನ ಇದ್ರೆ ಟಿಲ್ಟ್ ಮಾಡ್ಸಿ, ಮಾಯವಾದದ್ದು ಡಿಸ್‌ಲೊಕೇಶನ್.

ತೋಟದವರು, ಚಿಕ್ಕಮಗಳೂರು: ನಮ್ಮ ಕಾಫಿ ಪಲ್ಪರ್ ಶಾಫ್ಟ್ ಪದೇ ಪದೇ ಮುರಿಯುತ್ತೆ. ಇದರಲ್ಲಿ ನೋಡಿದ್ರೆ ಕಾರಣ ಗೊತ್ತಾಗುತ್ತಾ?

ಮೈಕ್ರೋಸ್ಕೋಪ್ ನಡೆಸುವವರು, ಚಿಕ್ಕಮಗಳೂರು: ತೋಟದವರೇ, ನಿಮಗೆ ಇದು ಬೇಡ. ಮುರಿದ ಮುಖವನ್ನು ಉಜ್ಜದೆ ಹಾಗೇ ಇಟ್ಟು ಮೇಲ್ಮೈ ನೋಡುವ ಎಸ್‌ಇಎಂ ಮೈಕ್ರೋಸ್ಕೋಪ್‌ನಲ್ಲಿ ತೋರಿಸಿ.

ಮೇಷ್ಟ್ರೇ, ಮಾಯವಾಗುವ ಮಾತು ಅರ್ಧ ಸರಿ. ಈ ಲೋಹದಲ್ಲಿ ಪ್ರೆಸಿಪಿಟೇಟ್ ಅಂದ್ರೆ ಸಣ್ಣ ಸೂಜಿಗಳು, ದಪ್ಪ ಕೆಲವೇ ನ್ಯಾನೋಮೀಟರ್, ಮಲಗಿರೋದು ಹರಳಿನ [100], [010], [001] ದಿಕ್ಕುಗಳಲ್ಲಿ. ನಮಗೆ ಕಪ್ಪಾಗಿ ಕಾಣೋದು ಹೆಚ್ಚಾಗಿ ಸೂಜಿಯಲ್ಲ, ಅದು ಸುತ್ತಲಿನ ಅಲ್ಯೂಮಿನಿಯಂ ಅನ್ನು ಅಡ್ಡಕ್ಕೆ ತಳ್ಳಿದ ಒತ್ತಡ. ಹಾಗಾಗಿ g, ಅಂದ್ರೆ ಚಿತ್ರಕ್ಕೆ ಆರಿಸಿದ ಡಿಫ್ರಾಕ್ಷನ್ ಚುಕ್ಕಿಯ ದಿಕ್ಕು, 200 ಇಟ್ಟು ನೋಡಿದ್ರೆ [100] ಉದ್ದಕ್ಕಿರುವ ಸೂಜಿಗಳೂ ಮಸುಕಾಗುತ್ತವೆ. ಸುಮ್ನೆ ಮಾಯ ಆಯ್ತು ಅಂತ ಡಿಸ್‌ಲೊಕೇಶನ್ ಲೆಕ್ಕಕ್ಕೆ ಸೇರಿಸಬೇಡಿ.

ವಿದ್ಯಾರ್ಥಿಗೆ: ಮೊದಲು [001] ಝೋನ್‌ಗೆ ತಂದು ಡಿಫ್ರಾಕ್ಷನ್ ತೆಗೆಸಿ. ಅಲ್ಯೂಮಿನಿಯಂ ಚುಕ್ಕಿಗಳ ನಡುವೆ ಅಡ್ಡ ಉದ್ದ ಮಂದ ಗೀಟುಗಳು ಕಂಡರೆ ಸೂಜಿಗಳಿವೆ ಅಂತ ಅರ್ಥ. ಆ ಗೀಟಿನ ಮೇಲೆ ಅಪರ್ಚರ್ ಇಟ್ಟು ಡಾರ್ಕ್ ಫೀಲ್ಡ್ ತೆಗೆದರೆ ಸೂಜಿಗಳು ಬೆಳ್ಳಗೆ ಹೊಳೆಯುತ್ತವೆ, ಡಿಸ್‌ಲೊಕೇಶನ್ ಹೊಳೆಯಲ್ಲ.

ಡಿಸ್‌ಲೊಕೇಶನ್‌ಗೆ ಝೋನ್ ಮೇಲೆಯೇ ಕೂರಬೇಡಿ, ಎಲ್ಲಾ ಕಿರಣಗಳೂ ಬೆರೆತು ಗೆರೆ ಕದಡಿ ಹೋಗುತ್ತೆ. ಕಿಕುಚಿ ಗೆರೆ ಹಿಡಿದು ಕೆಲವು ಡಿಗ್ರಿ ವಾಲಿಸಿ, ನಡುವಿನ ಚುಕ್ಕಿ ಬಿಟ್ಟು ಇನ್ನೊಂದೇ ಜೋರಾಗಿ ಉರಿಯುವಂತೆ ಮಾಡಿ, ಅಪರ್ಚರ್ ನಡುವಿನ ಚುಕ್ಕಿಗೆ. ಉದಾಹರಣೆಗೆ b, ಅಂದ್ರೆ ಡಿಸ್‌ಲೊಕೇಶನ್‌ನಲ್ಲಿ ಹರಳು ಜಾರಿದ ದಿಕ್ಕು ಮತ್ತು ಅಳತೆ, ½[110] ಆದ ಗೆರೆ 200, 020 ಎರಡರಲ್ಲೂ ಕಾಣುತ್ತೆ, 2 -2 0 ಹಾಕಿದರೆ g·b = 0, ಅಲ್ಲಿ ಹೋಗಬೇಕು. ಒಂದೇ ಜಾಗದ ಚಿತ್ರಗಳೇ ಆಗಿರಬೇಕು. ವಾಲಿಸಿದಾಗ ಜಾರಿಕೊಂಡು ಓಡುವ ಅಗಲದ ಕಪ್ಪು ಪಟ್ಟಿ ಎರಡೂ ಅಲ್ಲ, ಹಾಳೆ ಬಾಗಿದ್ದು ಅಷ್ಟೇ.

ವಿದ್ಯಾರ್ಥಿ: 2 -2 0 ಚಿತ್ರ ಇದೆ ಸರ್. ಒಂದು ಡೊಂಕು ಗೆರೆ ಪೂರ್ತಿ ಹೋಗಿಲ್ಲ, ತೆಳುವಾಗಿ ಉಳಿದಿದೆ.

ಮೈಕ್ರೋಸ್ಕೋಪ್ ನಡೆಸುವವರು: ಎಡ್ಜ್ ಬಗೆಯದಾದ್ರೆ g·b = 0 ಇದ್ದರೂ ಹಾಗೆ ಉಳಿಯುತ್ತೆ. ಇಲ್ಲಾ b ಬೇರೆಯದೇ ಇರಬಹುದು. ಆ ಒಂದು ಚಿತ್ರದಿಂದ ಹೇಳೋಕಾಗಲ್ಲ, ಅದೇ ಜಾಗದ 200, 020 ಇದ್ಯಾ?

ವಿದ್ಯಾರ್ಥಿ: 200 ಮಾತ್ರ ಇದೆ. ಮತ್ತೆ ಸ್ಲಾಟ್ ಕೇಳ್ತೀನಿ.