ಅಪ್‌ಡೇಟ್: ಸಮ್ಮೇಳನದ ಸ್ಲೈಡ್‌ಗಳು ಥ್ರೆಡ್ ಆದವು

ನನ್ನ ಪ್ರಶ್ನೆ: "ಪಾವಗಡ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಸ್ಲೈಡ್ ಮಾಡಿದ್ದೆ. ಸಾಮಾನ್ಯ ಓದುಗರಿಗೆ ಎಕ್ಸ್‌ನಲ್ಲಿ ಚಿಕ್ಕ ಥ್ರೆಡ್ ಮಾಡೋದು ಹೇಗೆ?"

ಥ್ರೆಡ್ ಹಾಕಿದೆ, ಆರೇ ಪೋಸ್ಟ್. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸ್ಲೈಡ್‌ಗಳ ಕ್ರಮವನ್ನೇ ತಿರುಗಿಸಿದೆ. ಹಿನ್ನೆಲೆ, ವಿಧಾನ ಎಲ್ಲ ಬಿಟ್ಟು ಫಲಿತಾಂಶದಿಂದಲೇ ಶುರು: "ನಾವು ಪರೀಕ್ಷಿಸಿದ ಬೋರ್‌ವೆಲ್‌ಗಳಲ್ಲಿ ಹಲವು 1.5 ಮಿಲಿಗ್ರಾಂ ಮಿತಿ ದಾಟಿವೆ." ಲೀಟರಿಗೆ ಇಷ್ಟು ಅನ್ನೋದು ಭಾರತೀಯ ಮಾನಕದ ಗರಿಷ್ಠ ಮಿತಿ, ಬೇರೆ ನೀರು ಸಿಗದಿದ್ದಾಗ ಮಾತ್ರ. "ನಾವು ಪರೀಕ್ಷಿಸಿದ" ಅನ್ನೋ ಪದಗಳನ್ನು ಜಾಗ ಉಳಿಸಲು ತೆಗೆಯಬಾರದು. ತೆಗೆದರೆ ಇಡೀ ತಾಲೂಕಿನ ನೀರೇ ಹಾಗೆ ಅಂತ ಆಗುತ್ತದೆ, ಅಲ್ವಾ?

ಜಾಗದ್ದೇ ದೊಡ್ಡ ತಲೆನೋವು. ಎಕ್ಸ್‌ನಲ್ಲಿ ಒತ್ತು, ಗುಣಿತ ಚಿಹ್ನೆಗಳೂ ಬೇರೆ ಬೇರೆ ಎಣಿಕೆಯಾಗುತ್ತವೆ. "ಫ್ಲೋರೈಡ್" ಕಣ್ಣಿಗೆ ಮೂರಕ್ಷರ, 280ರ ಲೆಕ್ಕದಲ್ಲಿ ಎಂಟು. ಹಾಗಾಗಿ ಒಂದು ಪೋಸ್ಟಿಗೆ ಒಂದೇ ವಿಷಯ.

ಬಾಕ್ಸ್ ಪ್ಲಾಟ್ ಬದಲು ಮಿತಿಯ ಒಂದು ಕೆಂಪು ಗೆರೆ, ಅದರ ಮೇಲೆ ಕೆಳಗೆ ಚುಕ್ಕೆಗಳು. ಪ್ರತಿ ಚುಕ್ಕೆ ಒಂದು ಬೋರ್‌ವೆಲ್. ಫೋನಿನಲ್ಲಿ ಹಿಗ್ಗಿಸದೇ ಓದೋಕಾಗುತ್ತಾ ಅಂತ ಮೊದಲು ನೋಡಿಕೊಂಡೆ. ಊರುಗಳ ನಕ್ಷೆ ಮಾತ್ರ ಹಾಕಲಿಲ್ಲ. ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳಲ್ಲೇ ಫ್ಲೋರೈಡ್ ಬೇರೆ ಇರಬಹುದು, ಚುಕ್ಕೆ ನೋಡಿ ಯಾರೂ ತಮ್ಮ ನೀರನ್ನು ತೀರ್ಮಾನಿಸಬಾರದು.

ಸ್ಲೈಡ್‌ನಲ್ಲಿ ಇಲ್ಲದ್ದನ್ನು ಒಂದೇ ಸೇರಿಸಿದೆ: ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಜಾಸ್ತಿ ಆಗುತ್ತದೆ. ಜಾಸ್ತಿ ಪ್ರಶ್ನೆ ಬಂದದ್ದು ಅದಕ್ಕೇ. ಕೊನೇ ಪೋಸ್ಟಿನಲ್ಲಿ ಪೂರ್ತಿ ಸ್ಲೈಡ್‌ಗಳ ಲಿಂಕ್ ಇದೆ.