ಪದಚರ್ಚೆ: ‘ನಿಮ್ ಬೆಲೆ’ ಅಂದರೆ ಯಾರ ಬೆಲೆ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗೆಂದು ಆಟದ ಗಣಿತದ ಬಗ್ಗೆ ಬರೆಯುತ್ತಿದ್ದೇನೆ. ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಇಂಪಾರ್ಶಿಯಲ್ ಗೇಮ್‌ಗೆ ‘ನಿಷ್ಪಕ್ಷಪಾತ ಆಟ’ ಅಂತ ಬರೆದೆ. ಓದಿದ ಮಗಳು “ಅಂಪೈರ್ ಒಳ್ಳೆಯವನಾ?” ಅಂದಳು. ನಿಮ್ ಅಂದರೆ ಗುಡ್ಡೆಗಳಿಂದ ಹರಳು ತೆಗೆಯುವ ಆಟ. ಆಟದ ಒಂದೊಂದು ಸ್ಥಿತಿಗೂ ಕೊಡುವ ಅಂಕಿಯೇ ನಿಮ್ ವ್ಯಾಲ್ಯೂ. ಅದಕ್ಕೆ ‘ನಿಮ್ ಬೆಲೆ’ ಅಂದರೆ ಇನ್ನೂ ಕಷ್ಟ. “ಈ ಗುಡ್ಡೆಯಲ್ಲಿ ನಿಮ್ ಬೆಲೆ ಎಷ್ಟು?” ಎಂದು ಕೇಳಿದರೆ ಯಾರಾದರೂ ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ! ಕೊನೆಯದು ಸಮ್, ಅಂದರೆ ಆಟಗಳನ್ನೂ ಅವುಗಳ ಅಂಕಿಗಳನ್ನೂ ಸೇರಿಸುವುದು. ‘ಮೊತ್ತ’ ಅಂದರೆ ಸಾಕಾ?
— ಮೈಸೂರಿನಿಂದ

ನಮ್ಮ ಚೆನ್ನೆಮಣೆಯೂ ಇದೇ ಜಾತಿಯದು ಅಲ್ವಾ? ಇಬ್ಬರಿಗೂ ಏಳೇಳು ಗುಳಿ, ಎಲ್ಲಾ ಕಾಯಿ ಒಂದೇ ಥರ, ಯಾರಿಗೂ ಮೋಸ ಇಲ್ಲ. ಅಜ್ಜಿಯ ಜತೆ ಆಡಿ ಸೋತಿದ್ದೇ ಜಾಸ್ತಿ. ‘ಸರಿಸಮ ಆಟ’ ಅನ್ನಿ.
— ಪುತ್ತೂರಿನಿಂದ

ಚೆನ್ನೆಮಣೆ ಈ ಜಾತಿ ಅಲ್ಲ. ಅಲ್ಲಿ ನನ್ನ ಸಾಲಿನಿಂದ ನಾನೇ ಎತ್ತಬೇಕು, ನಿಮ್ಮ ಸಾಲನ್ನು ಮುಟ್ಟುವ ಹಾಗಿಲ್ಲ. ಚದುರಂಗವೂ ಅಷ್ಟೇ, ಕಪ್ಪು ಕಾಯಿ ಬಿಳಿಯವನದಲ್ಲ. ಇಂಪಾರ್ಶಿಯಲ್ ಎಂಬ ಪದದಲ್ಲಿ ಇಲ್ಲಿ ನ್ಯಾಯದ ಮಾತೇ ಇಲ್ಲ. ಮಣೆ ಹೇಗೇ ಇರಲಿ, ನನಗೆ ಇರುವ ನಡೆಗಳೇ ನಿಮಗೂ ಇರಬೇಕು. ಅದಕ್ಕೆ ‘ಒಂದೇ ನಡೆಯ ಆಟ’ ಅನ್ನಬಹುದು. ಆದರೆ ಅದು ಒಂದೇ ಸಲಕ್ಕೆ ಮುಗಿಯುವ ಆಟ ಅನ್ನಿಸುವ ಅಪಾಯ ಇದೆ. ‘ಸಮನಡೆ ಆಟ’ ನನಗೆ ಹಿಡಿಸುತ್ತದೆ.

ನಿಮ್ ಎಂಬ ಹೆಸರನ್ನು 1901ರಲ್ಲಿ ಚಾರ್ಲ್ಸ್ ಬೌಟನ್ ಇಟ್ಟರು. ಎಲ್ಲಾ ಸಮನಡೆ ಆಟಗಳಿಗೂ ನಿಮ್ ವ್ಯಾಲ್ಯೂ ಎಂಬ ಈ ಅಂಕಿ ಕೊಡಬಹುದು ಎಂದು ಗಣಿತಜ್ಞರಾದ ಸ್ಪ್ರಾಗ್ 1935ರಲ್ಲಿ, ಗ್ರಂಡಿ 1939ರಲ್ಲಿ ಬೇರೆಬೇರೆಯಾಗಿ ತೋರಿಸಿದರು. ಹಾಗಾಗಿ ‘ಗ್ರಂಡಿ ಅಂಕಿ’ ಅನ್ನಿ. ಮುಖ ಕೆಂಪಾಗುವ ಪ್ರಶ್ನೆಯೇ ಬರುವುದಿಲ್ಲ.

ಅಂಕಿ ಹುಡುಕುವ ಕೆಲಸಕ್ಕೆ ಶಾಲೆಯ ಹಾಜರಿ ಪುಸ್ತಕವೇ ಸಾಕು. 7 ಹರಳಿನ ಗುಡ್ಡೆ ಇದೆ, ಒಂದು ಸಲಕ್ಕೆ 1, 2 ಅಥವಾ 3 ತೆಗೆಯಬೇಕು, ಕೊನೆಯ ಹರಳು ತೆಗೆದವರು ಗೆದ್ದರು ಅಂದುಕೊಳ್ಳಿ. ಖಾಲಿ ಗುಡ್ಡೆಗೆ 0. ಒಂದೊಂದೇ ಹರಳು ಸೇರಿಸುತ್ತಾ ಬಂದರೆ 1, 2, 3, ಮತ್ತೆ 0, ಹೀಗೇ ಸುತ್ತುತ್ತದೆ. 7ರಿಂದ 6, 5, 4ಕ್ಕೆ ಹೋಗಬಹುದು. ಅವುಗಳ ಅಂಕಿ 2, 1, 0. ಸೊನ್ನೆಯಿಂದ ಹಾಜರಿ ಕೂಗಿ: 0 ಇದೆ, 1 ಇದೆ, 2 ಇದೆ, 3 ಇಲ್ಲ. ಆ ‘ಮೊದಲ ಗೈರು’ 3 ತಾನೆ? ಅದೇ 7ರ ಅಂಕಿ.
— ಧಾರವಾಡದಿಂದ, ನಿವೃತ್ತ ಮೇಷ್ಟ್ರು

‘ಮೊದಲ ಗೈರು’ ಸೊಗಸಾಗಿದೆ! ಎರಡು ಆಟ ಸೇರುವುದು ಸುಲಭ ಇರಬೇಕು. ನಿಮ್ಮ 7ರ ಗುಡ್ಡೆಯ ಪಕ್ಕ 5 ಹರಳಿನ ಇನ್ನೊಂದು ಗುಡ್ಡೆ ಇಡೋಣ. ಇದರಲ್ಲಿ ಎಷ್ಟು ಬೇಕಾದರೂ ತೆಗೆಯಬಹುದು. ಒಂದೊಂದನ್ನೇ ಆಡಿದರೆ ಎರಡರಲ್ಲೂ ಮೊದಲು ಆಡುವವರಿಗೆ ಗೆಲುವು. ಹಾಗಾದರೆ ಸೇರಿಸಿದರೂ ಗೆಲುವೇ.
— ಬೆಂಗಳೂರಿನಿಂದ

ಉತ್ತರ ಸರಿ, ದಾರಿ ತಪ್ಪು. ಸರದಿ ಬಂದಾಗ ಒಂದೇ ಗುಡ್ಡೆಯಲ್ಲಿ ಆಡಬೇಕು, ಯಾವುದು ಅಂತ ಆರಿಸಿಕೊಳ್ಳಬಹುದು. ನೀವು ಗೆಲ್ಲಲೆಂದು ಆ 5ನ್ನೂ ಎತ್ತಿಬಿಟ್ಟರೆ ನಾನು 7ರಲ್ಲಿ 3 ತೆಗೆದು 4 ಬಿಡುತ್ತೇನೆ. ನೀವು ಸೋತಿರಿ. ಸರಿಯಾದ ನಡೆ 5ರಿಂದ 2 ತೆಗೆಯುವುದು. ಆಗ ಅಂಕಿಗಳು 3 ಮತ್ತು 3. ನಾನು ಒಂದನ್ನು 2 ಮಾಡಿದರೆ ನೀವು ಇನ್ನೊಂದನ್ನು 2 ಮಾಡಿ. ಮೊದಲ ಗುಡ್ಡೆಯಲ್ಲಿ ಅಂಕಿ ಏರುವುದೂ ಉಂಟು: 4 ಹರಳಿನ ಅಂಕಿ 0, ಒಂದು ತೆಗೆದರೆ 3. ಹೆದರಬೇಡಿ, ಉಳಿದ ಮೂರನ್ನೂ ತೆಗೆದರೆ ಮತ್ತೆ 0.

ಈಗ ಅಂಕಿ ಕೂಡುವ ಬಗೆ. ಅವನ್ನು 1, 2, 4, 8 ಎಂಬ ತುಂಡುಗಳಾಗಿ ಒಡೆಯಿರಿ. 3 ಅಂದರೆ 2 ಮತ್ತು 1. 5 ಅಂದರೆ 4 ಮತ್ತು 1. ಒಂದೇ ಥರದ ತುಂಡು ಎರಡು ಬಂದರೆ ಎರಡೂ ಹೊರಗೆ. ಇಲ್ಲಿ 1ಗಳು ಹೋಗಿ 4 ಮತ್ತು 2 ಉಳಿದವು, ಅಂದರೆ 6. ಸೊನ್ನೆ ಅಲ್ಲ ಅಂದರೆ ಆಡುವವರಿಗೆ ಗೆಲುವಿದೆ. 1, 2, 3 ಇದ್ದರೆ ಎಲ್ಲಾ ಜೋಡಿಯಾಗಿ ಹೋಗಿ ಸೊನ್ನೆ, ಆಡುವವರಿಗೆ ಸೋಲು. ಕೊನೆಯ ಹರಳು ತೆಗೆದವರೇ ಸೋತರು ಎಂದು ನಿಯಮ ತಿರುಗಿಸಿದರೆ ಮಾತ್ರ ಈ ಲೆಕ್ಕ ನಂಬಬೇಡಿ.
— ಧಾರವಾಡದಿಂದ

ಹಾಗಾದರೆ ‘ಮೊತ್ತ’ ಬೇಡ. 1, 2, 3ರ ಮೊತ್ತ ಸೊನ್ನೆ ಅಂದರೆ ಮಕ್ಕಳು ನಗುತ್ತಾರೆ. ಶಾಲೆಯಲ್ಲಿ ‘ದಶಕರಹಿತ ಕೂಡುವುದು’ ಅಂತ ಇತ್ತಲ್ಲ, ಹಾಗೆ ಅನ್ನಬಹುದಾ? ಗುಡ್ಡೆಗಳನ್ನು ಪಕ್ಕಪಕ್ಕ ಇಡುವುದಕ್ಕೆ ‘ಜೋಡಿಸುವುದು’ ಅನ್ನುತ್ತೇನೆ.
— ಮೈಸೂರಿನಿಂದ

ದಶಕ ಅಂದರೆ ಹತ್ತು. ಇಲ್ಲಿ ಹತ್ತರ ಮಾತೇ ಇಲ್ಲ, ಎಲ್ಲಾ ಎರಡರ ಲೆಕ್ಕ. ನನಗೆ ‘ಜೋಡಿ ಕಳೆದ ಕೂಡಿಕೆ’ ಹೊಳೆಯಿತು. ಉದ್ದ ಆಯಿತು, ಒಪ್ಪುತ್ತೇನೆ.
— ಧಾರವಾಡದಿಂದ

ಜೋಡಿಸುವುದು, ಮತ್ತೆ ಜೋಡಿ ಕಳೆಯುವುದು! ಮಕ್ಕಳಿಗೆ ಎರಡೂ ಕಲಸಿಹೋಗುತ್ತದೆ. ಆಟಗಳಿಗೆ ‘ಕೂಟ’ ಅನ್ನಿ, ಅಂಕಿಗಳಿಗೆ ಬೇರೆ ಯಾರಾದರೂ ಹೇಳಿ.
— ಬೆಂಗಳೂರಿನಿಂದ

ಕೂಟಕ್ಕೆ ಊಟ ಇರುತ್ತದಾ? ಅದಿರಲಿ, ಚೆನ್ನೆಮಣೆಯಲ್ಲಿ ಯಾರ ಸಾಲಿನಿಂದ ಬೇಕಾದರೂ ಎತ್ತಬಹುದು ಅಂತ ಮಾಡಿದರೆ?
— ಪುತ್ತೂರಿನಿಂದ